ಮರೆತ ಪಾಸ್‌ವರ್ಡನ್ನೇ ಎಸ್ಸೆಮ್ಮೆಸ್ ಮಾಡಬೇಕಂತೆ: ಎನ್‌ಕ್ರಿಪ್ಟ್ ಮಾಡಲೇ, ಹ್ಯಾಶ್ ಮಾಡಲೇ?

ಪ್ರಶ್ನೆ: ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿದೆ. ಕಲಬುರಗಿಯ ಒಂದು ಶಾಲೆಯ ಪೋರ್ಟಲ್‌ಗೆ ಲಾಗಿನ್ ಬರೆಯುತ್ತಿದ್ದೇನೆ. ಪಾಸ್‌ವರ್ಡ್ ಮರೆತ ಪಾಲಕರಿಗೆ ಅದನ್ನೇ ಎಸ್ಸೆಮ್ಮೆಸ್ ಮಾಡಬೇಕು ಎಂದು ಆಡಳಿತ ಮಂಡಳಿಯವರು ಹಟ ಹಿಡಿದಿದ್ದಾರೆ. ಹ್ಯಾಶ್ ಮಾಡಿದರೆ ವಾಪಸ್ ಸಿಗುವುದಿಲ್ಲವಲ್ಲ, ಹಾಗಾಗಿ ಎಇಎಸ್-256 ಎನ್‌ಕ್ರಿಪ್ಷನ್ ಸರಿಯಲ್ಲವೇ? ಅಥವಾ ಎಸ್‌ಎಚ್‌ಎ-256 ಹ್ಯಾಶ್ ಸಾಕೇ?

ಉತ್ತರ:

ಎರಡೂ ಬೇಡ. ಆ ಎಸ್ಸೆಮ್ಮೆಸ್ ಕೂಡ ಬೇಡ.

ಇದೇ ಬೇಡಿಕೆಯನ್ನು ಸುಮಾರು ಹತ್ತು ವರ್ಷಗಳ ಹಿಂದೆ, ಇದೇ ಊರಿನ ಒಂದು ಕೋಚಿಂಗ್ ಕೇಂದ್ರದ ಮಾಲೀಕರು ನನ್ನ ಮುಂದಿಟ್ಟಿದ್ದರು. “ಹಳ್ಳಿಯಿಂದ ಬರುವ ಪಾಲಕರಪ್ಪ, ಲಿಂಕು ಗಿಂಕು ಎಂದರೆ ಅವರಿಗೆ ತಿಳಿಯುವುದಿಲ್ಲ. ಮರೆತವರಿಗೆ ಪಾಸ್‌ವರ್ಡನ್ನೇ ಕಳಿಸಿಬಿಡು” ಎಂದರು. ನಾನು “ಆಯಿತು ಸರ್” ಎಂದೆ. ಪಾಸ್‌ವರ್ಡನ್ನು ಹ್ಯಾಶ್ ಮಾಡಬೇಕು ಎಂದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಿಎಚ್‌ಪಿಯಲ್ಲಿ `password_hash` 2013ರಲ್ಲೇ, 5.5ನೇ ಆವೃತ್ತಿಯ ಜೊತೆಗೆ ಬಂದಿತ್ತು. ಅದನ್ನು ನಾನು ಓದಿಯೂ ಇದ್ದೆ. ಆದರೆ ಮಾಲೀಕರಿಗೆ ಇಲ್ಲ ಎನ್ನುವ ಧೈರ್ಯ ಇರಲಿಲ್ಲ. ಮೈಎಸ್‌ಕ್ಯೂಎಲ್‌ನ `AES_ENCRYPT` ಬಳಸಿದೆ. ಅದಕ್ಕೆ ಬೇಕಾದ ಕೀಲಿಯನ್ನು `config.php` ಕಡತದಲ್ಲಿ ಬರೆದಿಟ್ಟೆ. ಎಇಎಸ್ ಎಂಬ ಹೆಸರಿನ ಗತ್ತಿಗೆ ನಾನೇ ಮರುಳಾಗಿದ್ದೆ.

ನಾನು ಮಾಡಿದ ತಪ್ಪು ಎಲ್ಲಿತ್ತು ಎಂಬುದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ. ಕೇಳಿದವರೆಲ್ಲ “ಕೀಲಿ ಸೋರಿತಂತೆ, ಪಾಪ” ಎಂದು ಮುಗಿಸಿಬಿಡುತ್ತಾರೆ. ಅಷ್ಟೇ ಅಲ್ಲ.

ಹುಮನಾಬಾದಿನ ಜಾತ್ರೆಗೆ ಹೊರಡುವ ಹಿಂದಿನ ಸಂಜೆ ಇಡೀ ಸೈಟನ್ನೂ ಡೇಟಾಬೇಸಿನ ಡಂಪನ್ನೂ ಸೇರಿಸಿ ಒಂದು ಜಿಪ್ ಮಾಡಿದೆ. ಡೌನ್‌ಲೋಡ್ ಮಾಡಿಕೊಂಡೆ, ಆದರೆ ಸರ್ವರ್‌ನಿಂದ ಅಳಿಸಲಿಲ್ಲ. ಅದು `public_html` ಒಳಗೆ `backup.zip` ಎಂಬ ಹೆಸರಿನಲ್ಲಿ ಕೂತಿತ್ತು. ಅಂಥ ಹೆಸರುಗಳನ್ನು ಒಂದೊಂದಾಗಿ ಕೇಳುತ್ತಾ ಸಿಕ್ಕ ಸಿಕ್ಕ ಸೈಟುಗಳನ್ನು ತಟ್ಟುವ ಸ್ಕ್ರಿಪ್ಟುಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. ಮೂರು ವಾರದ ನಂತರ ಒಬ್ಬ ಪಾಲಕರು ಫೋನ್ ಮಾಡಿ, “ತಮ್ಮಾ, ನನ್ನ ಮಗಳ ಇಮೇಲನ್ನು ಯಾರೋ ತೆರೆದಿದ್ದಾರೆ. ಅದರ ಪಾಸ್‌ವರ್ಡ್ ನಿಮ್ಮ ಸೈಟಿಗೆ ಬಿಟ್ಟರೆ ಬೇರೆಲ್ಲೂ ಕೊಟ್ಟಿಲ್ಲ” ಎಂದರು. ಅದೇ ದಿನ ಇನ್ನಿಬ್ಬರು ಕರೆ ಮಾಡಿದರು. ಆಗ ಸರ್ವರ್‌ನ ಆ್ಯಕ್ಸೆಸ್ ಲಾಗ್ ತೆರೆದು `backup.zip` ಎಂದು ಹುಡುಕಿದೆ. ಅಪರಿಚಿತ ಐಪಿ ವಿಳಾಸವೊಂದಕ್ಕೆ 200 ಎಂಬ ಉತ್ತರ ಹೋಗಿತ್ತು, ಪಕ್ಕದಲ್ಲಿ ಕಳಿಸಿದ ಬೈಟುಗಳ ಸಂಖ್ಯೆ ನನ್ನ ಜಿಪ್‌ನ ಅಳತೆಗೆ ಸರಿಯಾಗಿ ಹೊಂದುತ್ತಿತ್ತು. 404 ಆಗಿದ್ದರೆ ಬಚಾವಾಗುತ್ತಿದ್ದೆ. 200 ಮತ್ತು ಪೂರ್ತಿ ಅಳತೆ ಎಂದರೆ ಕಡತ ಪೂರ್ತಿ ಹೋಗಿದೆ ಎಂದೇ ಅರ್ಥ.

ಆ ಜಿಪ್‌ನಲ್ಲಿ ಬೀಗವೂ ಇತ್ತು, ಕೀಲಿಯೂ ಇತ್ತು. ನೀವು ಈಗ “ನಾನು ಕೀಲಿಯನ್ನು ಬೇರೆ ಕಡೆ ಇಡುತ್ತೇನೆ” ಎಂದುಕೊಳ್ಳುತ್ತಿರಬಹುದು. ಎಲ್ಲಿ ಇಡುತ್ತೀರಿ? ಪ್ರತಿ ಲಾಗಿನ್‌ಗೂ, ಪ್ರತಿ ಎಸ್ಸೆಮ್ಮೆಸ್‌ಗೂ ನಿಮ್ಮ ಪ್ರೋಗ್ರಾಂಗೆ ಆ ಕೀಲಿ ಬೇಕೇ ಬೇಕು. ಪ್ರೋಗ್ರಾಂ ಕೈಗೆ ಎಟುಕುವ ಕೀಲಿ ಪ್ರೋಗ್ರಾಮನ್ನು ವಶಪಡಿಸಿಕೊಂಡವನ ಕೈಗೂ ಎಟುಕುತ್ತದೆ. ಕೆಲಸ ಬಿಟ್ಟುಹೋದ ಸಹೋದ್ಯೋಗಿಯ ಲ್ಯಾಪ್‌ಟಾಪಿನಲ್ಲೂ ಅದು ಉಳಿದಿರುತ್ತದೆ.

ಇಷ್ಟಾದ ಮೇಲೆ ಇನ್ನೊಂದು ಗೊತ್ತಾಯಿತು, ಅದು ಹೆಚ್ಚು ನಾಚಿಕೆಯದು. ಕೀಲಿ ಸೋರದಿದ್ದರೂ ನಾನು ಕೆಟ್ಟಿದ್ದೆ. ನಮ್ಮಲ್ಲಿದ್ದ 1,860 ಖಾತೆಗಳ ಮೇಲೆ ಹೀಗೊಂದು ಕ್ವೆರಿ ಓಡಿಸಿದೆ:

```sql
SELECT HEX(pwd), COUNT(*) AS n
FROM users
GROUP BY pwd
ORDER BY n DESC;
```

ಮೇಲಿನ ಒಂದೇ ಸಾಲಿನಲ್ಲಿ 300ಕ್ಕೂ ಹೆಚ್ಚು ಜನ ಇದ್ದರು. `AES_ENCRYPT` ತಾನಾಗಿ ಬಳಸುವುದು ಇಸಿಬಿ ಎಂಬ ವಿಧಾನವನ್ನು. ಅದರಲ್ಲಿ ಒಂದೇ ಕೀಲಿಗೆ ಒಂದೇ ಪಾಸ್‌ವರ್ಡ್ ಕೊಟ್ಟರೆ ಪ್ರತಿ ಬಾರಿಯೂ ಒಂದೇ ಗೂಢಾಕ್ಷರ ಹೊರಬರುತ್ತದೆ. 300 ಜನರದ್ದು ಒಂದೇ ಇದೆ ಎಂದರೆ ಅದು 123456 ಎಂದು ಊಹಿಸಲು ಕೀಲಿ ಯಾಕೆ ಬೇಕು? ಅವರಲ್ಲಿ ಒಬ್ಬನ ಪಾಸ್‌ವರ್ಡ್ ತಿಳಿದರೆ ಉಳಿದವರೆಲ್ಲರದೂ ತಿಳಿದಂತೆ. 2013ರಲ್ಲಿ ಅಡೋಬಿಯ ಕೋಟ್ಯಂತರ ಖಾತೆಗಳು ಸೋರಿದಾಗ ಆದದ್ದೂ ಇದೇ. ಅಲ್ಲಿ ಪಾಸ್‌ವರ್ಡುಗಳನ್ನು ಟ್ರಿಪಲ್ ಡಿಇಎಸ್‌ನಲ್ಲಿ, ಇಸಿಬಿ ವಿಧಾನದಲ್ಲಿ, ಒಂದೇ ಕೀಲಿಯಿಂದ ಎನ್‌ಕ್ರಿಪ್ಟ್ ಮಾಡಿದ್ದರು. ಕೀಲಿ ಬಹಿರಂಗವಾಗಲಿಲ್ಲ. ಆದರೂ ಒಂದೇ ಗೂಢಾಕ್ಷರದವರನ್ನು ಗುಂಪು ಮಾಡಿ, ಅವರು ಬರೆದುಕೊಂಡಿದ್ದ ಸುಳಿವುಗಳನ್ನು ಒಟ್ಟಿಗಿಟ್ಟು ಓದಿ, ಜನ ಪಾಸ್‌ವರ್ಡುಗಳನ್ನು ಹೊರತೆಗೆದರು. ಸುಳಿವುಗಳನ್ನು ಎನ್‌ಕ್ರಿಪ್ಟ್ ಮಾಡಿರಲಿಲ್ಲ.

ಈಗ ಹ್ಯಾಶ್ ವಿಷಯ. ಜೋಳವನ್ನು ಗಿರಣಿಗೆ ಹಾಕಿದರೆ ಹಿಟ್ಟು ಬರುತ್ತದೆ. ಹಿಟ್ಟನ್ನು ಏನು ಮಾಡಿದರೂ ಜೋಳ ಬರುವುದಿಲ್ಲ. ನೀವು ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತೀರಿ. ಪಾಲಕರು ಲಾಗಿನ್ ಮಾಡಿದಾಗ ಅವರು ಕೊಟ್ಟ ಜೋಳವನ್ನು ಮತ್ತೆ ಬೀಸಿ, ಎರಡು ಹಿಟ್ಟೂ ಒಂದೇ ಇವೆಯೇ ಎಂದು ನೋಡುತ್ತೀರಿ. ಪಾಸ್‌ವರ್ಡ್ ಏನೆಂದು ನಿಮಗೆ ತಿಳಿಯಬೇಕಾಗಿಯೇ ಇಲ್ಲ. “ವಾಪಸ್ ಸಿಗುವುದಿಲ್ಲವಲ್ಲ” ಎಂದು ನೀವು ಕೊರತೆಯಂತೆ ಬರೆದಿದ್ದೀರಿ. ನಮಗೆ ಬೇಕಾಗಿರುವುದೇ ಅದು.

ಆದರೆ ಕಳ್ಳನೂ ಬೀಸಬಲ್ಲ. ಅವನು ಹಿಟ್ಟನ್ನು ಜೋಳ ಮಾಡಲು ಹೋಗುವುದಿಲ್ಲ, ತನ್ನ ಊಹೆಗಳನ್ನು ಒಂದೊಂದಾಗಿ ಬೀಸಿ ಹೋಲಿಸುತ್ತಾನೆ. ಎಸ್‌ಎಚ್‌ಎ-256 ಸೋಲುವುದು ಇಲ್ಲಿಯೇ. ಅದು ದೊಡ್ಡ ಕಡತಗಳನ್ನು ಬೇಗ ಬೇಗ ಪರೀಕ್ಷಿಸಲು ಹೇಳಿ ಮಾಡಿಸಿದ್ದು. ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಬಾರಿ ಬೀಸುತ್ತದೆ. ನಮ್ಮ ಪಾಲಕರು ಪಾಸ್‌ವರ್ಡ್ ಆಗಿ ಏನು ಇಡುತ್ತಾರೆ? ಮೊಬೈಲ್ ಸಂಖ್ಯೆ. 6ರಿಂದ 9ರವರೆಗಿನ ಅಂಕಿಯಿಂದ ಶುರುವಾಗುವ ಹತ್ತಂಕಿಯ ಸಂಖ್ಯೆಗಳು ಒಟ್ಟು 400 ಕೋಟಿ. ಎಲ್ಲವನ್ನೂ ಬೀಸಿ ಮುಗಿಸಲು ಅವನಿಗೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಬೇಡ.

ಅದಕ್ಕೇ ಗಿರಣಿಯನ್ನು ಬಿಟ್ಟು ಬೀಸುಕಲ್ಲಿಗೆ ಹೋಗಬೇಕು. ಬಿಕ್ರಿಪ್ಟ್ ಅಂಥದ್ದು, 1999ರಲ್ಲಿ ಬೇಕೆಂದೇ ನಿಧಾನವಾಗಿರಲಿ ಎಂದು ರೂಪಿಸಿದ್ದು. ಎಷ್ಟು ನಿಧಾನ ಎಂಬುದನ್ನು ಕಾಸ್ಟ್ ಎಂಬ ಅಂಕಿಯಿಂದ ನೀವೇ ನಿರ್ಧರಿಸುತ್ತೀರಿ, ಅದು ಒಂದು ಹೆಚ್ಚಾದರೆ ಕೆಲಸ ಇಮ್ಮಡಿಯಾಗುತ್ತದೆ. ಪ್ರತಿ ಪಾಸ್‌ವರ್ಡಿಗೂ ಬೇರೆ ಬೇರೆ ಸಾಲ್ಟ್, ಅಂದರೆ ಒಂದು ಚಿಟಿಕೆ ಯಾದೃಚ್ಛಿಕ ಬೈಟುಗಳನ್ನು ಅದು ತಾನೇ ಬೆರೆಸುತ್ತದೆ. ಹಾಗಾಗಿ ಆ 300 ಜನರ 123456ಕ್ಕೆ 300 ಬೇರೆ ಬೇರೆ ಹ್ಯಾಶ್ ಬರುತ್ತವೆ, ಕಳ್ಳ ಒಬ್ಬೊಬ್ಬರಿಗೂ ಮೊದಲಿನಿಂದ ಬೀಸಬೇಕು. ನೀವು ಬರೆಯಬೇಕಾದದ್ದು ಇಷ್ಟು:

```php
$hash = password_hash($pw, PASSWORD_BCRYPT, ['cost' => 12]);

if (password_verify($pw, $row['pwd_hash'])) {
    // ಲಾಗಿನ್ ಸರಿ
}
```

ನಮ್ಮ ಸರ್ವರ್‌ನಲ್ಲಿ ಕಾಸ್ಟ್ 12ಕ್ಕೆ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಲಾಗಿನ್ ಮಾಡುವವರಿಗೆ ಅದು ಗೊತ್ತೂ ಆಗುವುದಿಲ್ಲ. ಅದೇ ವೇಗದಲ್ಲಿ ಒಂದು ಕೋರ್ 400 ಕೋಟಿ ಮೊಬೈಲ್ ಸಂಖ್ಯೆಗಳನ್ನು ಪರೀಕ್ಷಿಸಲು 30 ವರ್ಷಕ್ಕೂ ಹೆಚ್ಚು ಬೇಕು, ಅದೂ ಒಬ್ಬ ಬಳಕೆದಾರನಿಗೆ. ಕಳ್ಳನ ಬಳಿ ನೂರಾರು ಕೋರ್‌ಗಳಿದ್ದರೆ ತಿಂಗಳುಗಳಿಗೆ ಇಳಿಯಬಹುದು. ಆದರೂ ಚಹಾದ ಲೆಕ್ಕಕ್ಕೆ ಇಳಿಯುವುದಿಲ್ಲ. ಇದಕ್ಕೂ ಒಂದು ಮಿತಿ ಇದೆ. ನಿಮ್ಮ ಶಾಲೆಯವರು ಮಗುವಿನ ಹುಟ್ಟಿದ ದಿನಾಂಕವನ್ನೇ ಮೊದಲ ಪಾಸ್‌ವರ್ಡ್ ಆಗಿ ಕೊಟ್ಟರೆ ಬಿಕ್ರಿಪ್ಟ್ ಕೂಡ ಕಾಪಾಡದು. ನೂರು ವರ್ಷಗಳ ದಿನಾಂಕ ಸೇರಿಸಿದರೂ 36,525 ಊಹೆಗಳು. ಒಂದೇ ಕೋರ್‌ಗೆ ಎರಡೂವರೆ ಗಂಟೆಯ ಕೆಲಸ. ಒಂದೇ ತರಗತಿಯ ಮಕ್ಕಳಾದರೆ ಎರಡು ಮೂರು ವರ್ಷಗಳ ದಿನಾಂಕ ಸಾಕು, ಐದು ನಿಮಿಷವೂ ಬೇಡ.

ಮರೆತವರ ಕಥೆ? ಪಾಸ್‌ವರ್ಡ್ ಕಳಿಸಬೇಡಿ, ಹೊಸದನ್ನು ಇಟ್ಟುಕೊಳ್ಳಲು ಲಿಂಕ್ ಕಳಿಸಿ. `bin2hex(random_bytes(32))` ಎಂದು ಒಂದು ಟೋಕನ್ ಮಾಡಿ, ಅರ್ಧ ಗಂಟೆಯಲ್ಲಿ ಸಾಯುವಂತೆ, ಒಮ್ಮೆ ಬಳಸಿದರೆ ಮುಗಿಯುವಂತೆ ಇಡಿ. ಡೇಟಾಬೇಸಿನಲ್ಲಿ ಟೋಕನ್ನಿನ ಎಸ್‌ಎಚ್‌ಎ-256 ಹ್ಯಾಶ್ ಮಾತ್ರ ಇರಲಿ. ಇಲ್ಲಿ ಅದು ಸಾಕು. ಮನುಷ್ಯ ಆರಿಸದ 32 ಬೈಟುಗಳನ್ನು ಊಹಿಸಿ ಬೀಸುವುದು ಯಾವ ಕಾರ್ಡಿಗೂ ಆಗದ ಕೆಲಸ. ಹಳ್ಳಿಯ ಪಾಲಕರಿಗೆ ತಿಳಿಯದು ಎಂಬ ಮಾತನ್ನು ನಾನಂತೂ ಒಪ್ಪುವುದಿಲ್ಲ. ಬ್ಯಾಂಕಿನ ಒಟಿಪಿ ಬಳಸುವವರೇ ಅವರು. ಎನ್‌ಕ್ರಿಪ್ಷನ್ ಎಲ್ಲಿ ಬೇಕು ಎಂದರೆ, ನಿಮ್ಮ ಪ್ರೋಗ್ರಾಂ ಮತ್ತೆ ಓದಲೇಬೇಕಾದ ಮಾಹಿತಿಗೆ: ಶುಲ್ಕ ಮರಳಿಸಲು ಇಟ್ಟ ಬ್ಯಾಂಕ್ ಖಾತೆ ಸಂಖ್ಯೆ, ಎಸ್ಸೆಮ್ಮೆಸ್ ಗೇಟ್‌ವೇಯ ಗುಪ್ತಪದ.

ಸೋರಿಕೆಯ ನಂತರ ನಾನು, ಎಲ್ಲವನ್ನೂ ಡಿಕ್ರಿಪ್ಟ್ ಮಾಡಿ ಬಿಕ್ರಿಪ್ಟ್‌ಗೆ ಬದಲಿಸಿಬಿಟ್ಟರೆ ಯಾರಿಗೂ ತೊಂದರೆಯಾಗದು ಎಂದುಕೊಂಡಿದ್ದೆ. ನನಗಿಂತ ಹಿರಿಯರೊಬ್ಬರು ಬೈದರು: “ಕದ್ದ ಪಾಸ್‌ವರ್ಡಿಗೆ ಹೊಸ ಬೀಗ ಹಾಕಿ ಏನು ಮಾಡುತ್ತೀಯ?” ಹಾಗಾಗಿ 1,860 ಖಾತೆಗಳ ಪಾಸ್‌ವರ್ಡುಗಳನ್ನೂ ರದ್ದು ಮಾಡಿದೆವು. ಅದೇ ಪಾಸ್‌ವರ್ಡ್ ಬೇರೆಡೆ ಇದ್ದರೆ ಅಲ್ಲಿಯೂ ಬದಲಿಸಿ ಎಂದು ಪಾಲಕರಿಗೆ ಫೋನ್ ಮಾಡಿ ಹೇಳಲು ಮಾಲೀಕರೂ ನಾನೂ ನಾಲ್ಕು ದಿನ ಕೂತೆವು. ಬೈಗುಳಗಳಲ್ಲಿ ಹೆಚ್ಚಿನವು ಮಾಲೀಕರ ಪಾಲಿಗೆ ಬಂದವು. ಅವರು ನನ್ನ ಹೆಸರು ಹೇಳಲಿಲ್ಲ.

ಕೊನೆಗೆ ಕಾಲಂ ಅಗಲ ನೋಡಿಕೊಳ್ಳಿ. ಬಿಕ್ರಿಪ್ಟ್ ಕೊಡುವುದು `$2y$12$` ಎಂದು ಶುರುವಾಗುವ, ಒಟ್ಟು 60 ಅಕ್ಷರದ ಸಾಲು. ಕಾಸ್ಟ್, ಸಾಲ್ಟ್, ಹ್ಯಾಶ್ ಮೂರೂ ಅದರಲ್ಲೇ ಇರುತ್ತವೆ. ನಾನು ಹೊಸ ಕಾಲಮನ್ನು `VARCHAR(50)` ಎಂದು ಮಾಡಿದ್ದೆ, ಸ್ಟ್ರಿಕ್ಟ್ ಮೋಡ್ ಇಲ್ಲದ ಆ ಮೈಎಸ್‌ಕ್ಯೂಎಲ್ ಕಡೆಯ ಹತ್ತು ಅಕ್ಷರಗಳನ್ನು ಸದ್ದಿಲ್ಲದೆ ಕತ್ತರಿಸಿ ಎಸೆಯಿತು. ಎಲ್ಲರೂ ಹೊಸ ಪಾಸ್‌ವರ್ಡ್ ಇಟ್ಟರು, ಒಬ್ಬರಿಗೂ ಲಾಗಿನ್ ಆಗಲಿಲ್ಲ. `VARCHAR(255)` ಮಾಡಿದೆ, ಮತ್ತೆ ಎಲ್ಲರಿಗೂ ಲಿಂಕ್ ಕಳಿಸಿದೆ.