ಚೌತಿಗೆ ಎರಡು ದಿನ ರಜೆ, ಮತ್ತು ಹೋದ ವರ್ಷದ ಜ್ವರ

(ಹೆಸರು, ಊರು, ಕೆಲಸದ ಕೆಲವು ವಿವರ ಬದಲಿಸಿದ್ದೇನೆ. ಅವಳ ಒಪ್ಪಿಗೆ ಇದೆ.)

ಸುಮಾ ಕಾರವಾರದ ನನ್ನ ಕೋಣೆಗೆ ಬಂದಿದ್ದು 2025ರ ಜುಲೈ ಮೊದಲ ವಾರ. ಅಂಕೋಲಾ ಕಡೆಯವಳು, ಬೆಂಗಳೂರಲ್ಲಿ ಒಂದು ಖಾಸಗಿ ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ. "ಮೇಡಂ, ರಜೆ ಕೇಳೋದು ಹ್ಯಾಗೆ ಅಂತಾನೇ ಗೊತ್ತಾಗ್ತಿಲ್ಲ" ಅಂದಳು. ಇಷ್ಟು ಸಣ್ಣ ವಿಷಯಕ್ಕೆ ಯಾರಾದರೂ ಆಪ್ತಸಲಹೆಗೆ ಬರುತ್ತಾರಾ ಅನ್ನಿಸಿತು ನನಗೂ. ಅರ್ಧ ಗಂಟೆ ಮಾತಾಡಿದ ಮೇಲೆ ನಿಜ ಸಂಗತಿ ಹೊರಗೆ ಬಂತು.

ಹೋದ ವರ್ಷ, ಅಂದರೆ 2024ರಲ್ಲಿ, ಚೌತಿ ಶನಿವಾರ ಬಂದಿತ್ತು. ಇವಳು ಸೋಮವಾರ ಬೆಳಿಗ್ಗೆ ಜ್ವರ ಅಂತ ಮೆಸೇಜ್ ಹಾಕಿ ಮಂಗಳವಾರದವರೆಗೂ ಮನೆಯಲ್ಲೇ ಉಳಿದಳು. ಅವತ್ತೇ ಸಂಜೆ ಆರತಿ ತಟ್ಟೆ ಹಿಡಿದ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹೋಯಿತು. ನೋಡಿದವರ ಪಟ್ಟಿಯಲ್ಲಿ ಮ್ಯಾನೇಜರ್ ಹೆಸರು. ಅವರು ಒಂದು ಮಾತೂ ಕೇಳಲಿಲ್ಲ. ಕೇಳಿ ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು ಅಲ್ವಾ? ಕೇಳದೇ ಇದ್ದಿದ್ದಕ್ಕೇ ಅದು ಹತ್ತು ತಿಂಗಳು ಇವಳ ತಲೆಯಲ್ಲಿ ಕೂತಿತ್ತು.

2025ರ ಚೌತಿ ಆಗಸ್ಟ್ 27, ಬುಧವಾರ. ಕಂಪನಿ ರಜೆ ಅದೊಂದೇ ದಿನ. ಕರ್ನಾಟಕದ 1963ರ ಹಬ್ಬದ ರಜೆಗಳ ಕಾಯ್ದೆಯಲ್ಲಿ ವರ್ಷಕ್ಕೆ ಐದು ನಿಗದಿತ ದಿನ, ಜೊತೆಗೆ ಇನ್ನೈದು ಹಬ್ಬದ ರಜೆ, ಅಷ್ಟೇ. ಆ ಐದರಲ್ಲಿ ಚೌತಿ ಹಿಂದಿನ ದಿನವೂ ಸೇರಲಿ ಅಂದರೆ ಹೇಗೆ ಸೇರೀತು. ಮನೆಯಲ್ಲಿ ಆಯಿ "ಭಾನುವಾರದವರೆಗೂ ಇರು" ಅಂತ ಪಟ್ಟು ಹಿಡಿದಿದ್ದಳು. ಸುಮಾ ಹೋಗಿ ಕೇಳಬೇಕು ಅಂದುಕೊಂಡಿದ್ದು "ಒಂದು ವಾರ".

ಒಂದು ವಾರ ಬೇಡ, ನಿನ್ನ ಕೈ ಬೇಕಾದ ದಿನ ಯಾವುದು ಹೇಳು ಅಂದೆ. ಅವಳು ಯೋಚಿಸಿದಳು. ಅಪ್ಪನಿಗೆ ಮೊಣಕಾಲು ನೋವು, ಅಣ್ಣ ದುಬೈನಲ್ಲಿ. ಗಣಪತಿ ಮೇಲೆ ಫಲಾವಳಿ ಕಟ್ಟಲಿಕ್ಕೆ, ಅಂದರೆ ಅಡಿಕೆ ಗೊನೆ, ಸೌತೆಕಾಯಿ, ತೆಂಗಿನಕಾಯಿ ಎಲ್ಲ ಏಣಿ ಹತ್ತಿ ತೂಗುಬಿಡಲಿಕ್ಕೆ ಮನೆಯಲ್ಲಿ ಬೇರೆ ಜನ ಇಲ್ಲ. ಅದು ಮಂಗಳವಾರದ ಕೆಲಸ. ಇವರ ಮನೆಯ ಗಣಪತಿ ಒಂದೂವರೆ ದಿನದ್ದು, ಗುರುವಾರ ಸಂಜೆ ಬಿಡುತ್ತಾರೆ. ಹಾಗಾದರೆ ಬೇಕಾಗಿದ್ದು ಮಂಗಳವಾರ ಮತ್ತು ಗುರುವಾರ. ಉಳಿದಿದ್ದೆಲ್ಲ ಆಯಿಯ ಆಸೆ, ಅದಕ್ಕೆ ಉತ್ತರ ಹೇಳಬೇಕಾದ್ದು ಆಯಿಗೆ, ಮ್ಯಾನೇಜರ್‌ಗಲ್ಲ.

ಗುರುವಾರ ಮನೆಯಿಂದಲೇ ಕೆಲಸ ಮಾಡ್ತೀನಿ ಅಂತ ಹೇಳ್ಲಾ ಅಂದಳು. ಬೇಡ ಅಂದೆ. ಅವರ ಊರಲ್ಲಿ ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ, ಗಣಪತಿ ಬಿಡುವ ಹೊತ್ತಿಗೆ ಕಾಲ್ ಬಂದರೆ ಮತ್ತೊಂದು ಸುಳ್ಳು ಹುಟ್ಟುತ್ತದೆ.

ಎರಡು ವಿಷಯ ಅವಳು ನೋಡಿಯೇ ಇರಲಿಲ್ಲ. ಒಂದು, ಅದು ತಿಂಗಳ ಕೊನೆ, ಬಿಲ್ಲಿಂಗ್ ಮುಗಿಸುವ ವಾರ. ಮ್ಯಾನೇಜರ್ ಬೇಡ ಅಂದರೆ ಕಾರಣ ಹೋದ ವರ್ಷದ ಜ್ವರವೇ ಆಗಬೇಕಂತಿಲ್ಲ. ಇನ್ನೊಂದು, ಸ್ಯಾಂಡ್‌ವಿಚ್ ನಿಯಮ. ರಜಾದಿನದ ಆಚೆ ಈಚೆ ಎರಡೂ ದಿನ ರಜೆ ಹಾಕಿದರೆ ನಡುವಿನ ದಿನವನ್ನೂ ನಮ್ಮ ಲೆಕ್ಕದಿಂದಲೇ ಕಡಿಯುವ ಕಂಪನಿಗಳಿವೆ. ನನ್ನೆದುರೇ ಮೊಬೈಲಲ್ಲಿ ರಜೆ ನಿಯಮ ತೆಗೆದು ನೋಡಿದಳು, ಇವರದ್ದೂ ಅದೇ. ಅಂದರೆ ಎರಡು ದಿನಕ್ಕೆ ಮೂರು ರಜೆ ಖರ್ಚು. ಆದರೆ ವಾರದ ರಜೆಯಲ್ಲಿ ಕೆಲಸ ಮಾಡಿ ಬದಲಿಗೆ ತೆಗೆದುಕೊಂಡ ದಿನ ಇದಕ್ಕೆ ಸೇರುವುದಿಲ್ಲ ಅಂತ ಅದರಲ್ಲೇ ಇತ್ತು.

ಹಳೆಯ ಸುಳ್ಳಿನ ಬಗ್ಗೆ ನಾನು ಹೇಳಿದ್ದು ಇಷ್ಟು: ಎದುರಿಗೆ ಕೂತು ಹೇಳು, ಮೆಸೇಜಲ್ಲಿ ಮೇಲ್‌ನಲ್ಲಿ ಬರೆಯಬೇಡ, ಬರೆದದ್ದು ಕಡತಕ್ಕೆ ಹೋಗುತ್ತದೆ. ಅಳಬೇಡ, ಉದ್ದ ಎಳೆಯಬೇಡ. ಮೂರು ಸಲ ಹೇಳಿಸಿ ನೋಡಿದೆ. ಕೊನೆಗೆ ನಿಂತಿದ್ದು ಇದು: "ಸರ್, ಹೋದ ವರ್ಷ ಜ್ವರ ಅಂದಿದ್ದೆ, ನಿಜ ಅಲ್ಲ, ಹಬ್ಬಕ್ಕೆ ಉಳಿದಿದ್ದೆ, ತಪ್ಪಾಯ್ತು. ಈ ಸಲ ಮೊದಲೇ ಕೇಳ್ತಿದೀನಿ." ಆಮೇಲೆ ಅವತ್ತೇ ರಜೆ ಬೇಡಿಕೆ ಮಾತ್ರ ಬರಹದಲ್ಲಿ: 26ಕ್ಕೆ ರಜೆ, ಶನಿವಾರ 23ರಂದು ಬಂದು ಕೆಲಸ ಮಾಡಿ ಅದರ ಬದಲಿಗೆ 28, ತನ್ನ ಪಾಲಿನ ಬಿಲ್ಲುಗಳು 25ರೊಳಗೆ ಮುಗಿಯುತ್ತವೆ, 29ಕ್ಕೆ ಹಾಜರು.

ಮ್ಯಾನೇಜರ್ "ಗೊತ್ತಿತ್ತು ಬಿಡಮ್ಮ" ಅಂದರಂತೆ. ಎರಡೂ ದಿನ ಸಿಕ್ಕಿತು, ಶನಿವಾರ 30ಕ್ಕೂ ಬರಬೇಕು ಅನ್ನುವ ಷರತ್ತಿನ ಮೇಲೆ. ಆಯಿ ಎರಡು ದಿನ ಫೋನಲ್ಲಿ ಮುನಿಸಿಕೊಂಡಳು. ರೈಲು ಸಿಗಲಿಲ್ಲ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಇವಳು ನನ್ನ ಹತ್ತಿರ ಬರುವಷ್ಟರಲ್ಲೇ ಪಂಚಗಂಗಾದಲ್ಲಿ ವೇಟಿಂಗ್ ಲಿಸ್ಟ್ ಶುರುವಾಗಿತ್ತು. ಹೋಗಿ ಬರುವುದು ಎರಡೂ ರಾತ್ರಿ ಬಸ್ಸಲ್ಲೇ ಆಯಿತು. ರಜೆ ಸಿಗುತ್ತೋ ಇಲ್ವೋ ಅಂತ ಕಾಯದೆ ಟಿಕೆಟ್ ಮೊದಲು ತೆಗೆದಿಡು, ರಜೆ ಸಿಗದಿದ್ದರೆ ರದ್ದು ಮಾಡಿದಾಗ ಹೋಗುವುದು ಸ್ವಲ್ಪ ದುಡ್ಡು ಅಂತ ಹೇಳಿದ್ದೇನೆ. 2026ರ ಚೌತಿ ಸೆಪ್ಟೆಂಬರ್ 14, ಸೋಮವಾರ. ಶುಕ್ರವಾರ ರಾತ್ರಿ ಹೊರಟರೆ ಫಲಾವಳಿಗೆ ಶನಿವಾರ ಭಾನುವಾರ ಸಿಗುತ್ತದೆ, ಕೇಳಬೇಕಾದ್ದು ಮಂಗಳವಾರ ಒಂದೇ. ಆ ರೈಲಿನ ಬುಕಿಂಗ್ ಜುಲೈ 13ಕ್ಕೆ ಅಂತ ಅವಳೇ ಎಣಿಸಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದಾಳೆ.