ಓಟ, ಡಯಟ್ ಜಾಸ್ತಿ ಆದ್ರೆ ಪೀರಿಯಡ್ಸ್ ನಿಲ್ಲೋದ್ಯಾಕೆ?

ಮ್ಯಾರಥಾನ್‌ಗೆ ಅಂತ ದಿನಾ ಓಡ್ತಿದೀನಿ, ಊಟನೂ ಕಮ್ಮಿ ಮಾಡಿದೀನಿ, ನಾಲ್ಕು ತಿಂಗಳಿಂದ ಪೀರಿಯಡ್ಸ್ ಇಲ್ಲ, ಯಾಕೆ?

ತಿಂದಿದ್ದು ಓಟಕ್ಕೇ ಖರ್ಚಾಗಿ ಮೈಗೆ ಏನೂ ಉಳೀತಿಲ್ಲ ಅಂತ ಮೆದುಳೇ ನಿಲ್ಲಿಸಿರೋ ಸಾಧ್ಯತೆ ಜಾಸ್ತಿ, ಗರ್ಭಕೋಶ ಕೆಟ್ಟಿರಲ್ಲ. ಮೆದುಳಲ್ಲಿರೋ ಹೈಪೋಥಲಾಮಸ್ ಅನ್ನೋ ಪುಟ್ಟ ಭಾಗ ತಾಳ ಹಾಕಿದಂಗೆ ಬಿಟ್ಟು ಬಿಟ್ಟು ಒಂದು ಹಾರ್ಮೋನ್ ಕಳಿಸ್ತಿರುತ್ತೆ, ಶಕ್ತಿ ಸಾಲ್ದೇ ಹೋದ್ರೆ ಆ ತಾಳ ನಿಧಾನ ಆಗುತ್ತೆ, ಆಗ ಅಂಡ ಬಲಿಯಲ್ಲ, ಈಸ್ಟ್ರೋಜನ್ ಅನ್ನೋ ಹೆಣ್ಣಿನ ಹಾರ್ಮೋನ್ ಇಳಿಯುತ್ತೆ, ಪೀರಿಯಡ್ಸ್ ಬರಲ್ಲ.

ಲೆಕ್ಕ ನೋಡಿ: ತೂಕ 50 ಕೆಜಿ, ಅದ್ರಲ್ಲಿ ಕೊಬ್ಬು ಬಿಟ್ಟು 40 ಕೆಜಿ ಅಂದ್ಕೊಳ್ಳಿ. ದಿನಕ್ಕೆ 1600 ಕ್ಯಾಲರಿ ತಿಂದು ಓಟಕ್ಕೆ 600 ಹೋದ್ರೆ ಉಳಿಯೋದು 1000, ಅಂದ್ರೆ ಕೆಜಿಗೆ 25. ಸುಮಾರು 45 ಇದ್ರೆ ಆರಾಮು, 30ರ ಕೆಳಗೆ ಹೋದ್ರೆ ತುಂಬಾ ಜನಕ್ಕೆ ತಾಳ ತಪ್ಪುತ್ತೆ. ಹಂಗಾಗಿ ತೂಕ ನಾರ್ಮಲ್ ಇದ್ರೂ ಇದು ಆಗಬಹುದು, ಸಣ್ಣಗಿರೋರಿಗೆ ಮಾತ್ರ ಅಲ್ಲ.

ಈಸ್ಟ್ರೋಜನ್ ಇಲ್ದೇ ಮೂಳೆ ಸವೆದು ಕಾಲಿನ ಮೂಳೆಯಲ್ಲಿ ಸಣ್ಣ ಬಿರುಕು ಬರಬಹುದು, ಓಡುವಾಗ ಒಂದೇ ಜಾಗದಲ್ಲಿ ನೋವಿದ್ರೆ ಅನುಮಾನ ಪಡಿ. ಹಾರ್ಮೋನ್ ಮಾತ್ರೆ ತಗೊಂಡ್ರೆ ಬ್ಲೀಡಿಂಗ್ ಬರುತ್ತೆ ಅಷ್ಟೇ, ತಾಳ ಸರಿಹೋಗಲ್ಲ. ಊಟ ಜಾಸ್ತಿ ಮಾಡಿ ಓಟ ಕಮ್ಮಿ ಮಾಡ್ಬೇಕು, ವಾಪಸ್ ಬರೋಕೆ ತಿಂಗಳುಗಳೇ ಹಿಡಿಯುತ್ತೆ. ಮೂರು ತಿಂಗಳು ದಾಟಿರೋದ್ರಿಂದ ಡಾಕ್ಟರ್ ಹತ್ರ ಹೋಗಿ ಪ್ರೆಗ್ನೆನ್ಸಿ, ಥೈರಾಯ್ಡ್, ಎದೆಹಾಲು ಬರಿಸೋ ಪ್ರೊಲ್ಯಾಕ್ಟಿನ್ ಹಾರ್ಮೋನ್ ಟೆಸ್ಟ್ ಮೊದ್ಲು ಮಾಡಿಸಿ.