ರೋಪ್ ಅಳಿಸುವುದಕ್ಕಿಂತ ಶರ್ಟ್ ಸರಿಮಾಡುವುದೇ ದೊಡ್ಡ ಕೆಲಸ

ಪ್ರಶ್ನೆ: ನಮ್ಮ ಕಿರುಚಿತ್ರದಲ್ಲಿ ಒದೆ ತಿಂದವನು ಹಿಂದಕ್ಕೆ ಹಾರಿ ಬೀಳೋ ಒಂದು ರೋಪ್ ಶಾಟ್ ಇದೆ. ಸ್ಟುಡಿಯೋಗೆ ಕೊಡೋಷ್ಟು ದುಡ್ಡಿಲ್ಲ. ರೋಪು, ಹಾರ್ನೆಸ್ಸು ನಾವೇ ಅಳಿಸಬಹುದಾ? ಶೂಟಿಂಗ್ ದಿನ ಏನು ನೋಡಿಕೊಳ್ಳಬೇಕು?

ಅಳಿಸಬಹುದು. ಆದರೆ ನೀವು ಹೆದರುವ ಜಾಗ ಒಂದು, ನಿಜವಾಗಿ ಕಷ್ಟ ಇರುವ ಜಾಗ ಇನ್ನೊಂದು. ಗೋಡೆ ಅಥವಾ ಆಕಾಶದ ಮುಂದೆ ಕಾಣುವ ರೋಪ್ ಒಂದು ಮಧ್ಯಾಹ್ನದ ಕೆಲಸ. ಅದೇ ರೋಪ್ ನಟನ ಮೈಮೇಲೆ ಹಾದುಹೋದರೆ, ಹಾರ್ನೆಸ್ ಶರ್ಟನ್ನು ಡೇರೆಯ ಹಾಗೆ ಎತ್ತಿ ಹಿಡಿದರೆ, ನಿದ್ದೆಗೆಡುವುದು ಅಲ್ಲಿ.

ಗೆಳೆಯನೊಬ್ಬನ ಕಿರುಚಿತ್ರಕ್ಕೆ ಇಂಥದ್ದೇ ಶಾಟ್ ಮಾಡಿಕೊಟ್ಟಿದ್ದೆ, ಅದನ್ನೇ ಹೇಳುತ್ತೇನೆ. ಹೆಂಚಿನ ಮನೆಯ ಅಂಗಳ. ಹುಡುಗನ ಸೊಂಟದ ಎರಡೂ ಕಡೆಯಿಂದ ಒಂದೊಂದು ರೋಪ್ ಮೇಲಿನ ರಾಟೆಗೆ ಹೋಗಿತ್ತು. 25 ಫ್ರೇಮಿನ ಲೆಕ್ಕದಲ್ಲಿ ಶಾಟ್ 70 ಫ್ರೇಮ್, ಅಂದರೆ ಮೂರು ಸೆಕೆಂಡೂ ಇಲ್ಲ. ಕ್ಯಾಮೆರಾ ಟ್ರೈಪಾಡ್ ಮೇಲೆ ಅಲ್ಲಾಡದೆ ನಿಂತಿತ್ತು. ಸುಲಭ ಅಂದುಕೊಂಡೆ. ಹಾರುವಾಗ ಹುಡುಗ ಅರ್ಧ ಸುತ್ತು ತಿರುಗಿದ. ಆಗ ಒಂದು ರೋಪ್ ಎದೆಯ ಮುಂದಕ್ಕೆ ಬಂತು. ಹಾಗೆ ಬಂದದ್ದು 26 ಫ್ರೇಮಿನಲ್ಲಿ ಮಾತ್ರ. ಉಳಿದ 44 ಫ್ರೇಮ್ ಅರ್ಧ ದಿನದಲ್ಲಿ ಮುಗಿದವು. ಈ 26ಕ್ಕೆ ನಾಲ್ಕು ರಾತ್ರಿ ಬೇಕಾಯಿತು.

ಮೊದಲು ಸುಲಭದ ಭಾಗ. ಆಕ್ಷನ್ ಓಕೆ ಆದ ಕೂಡಲೇ ಕ್ಯಾಮೆರಾ ಮುಟ್ಟದೆ, ಎಲ್ಲರನ್ನೂ ಹೊರಗೆ ಕಳಿಸಿ, ರೋಪನ್ನೂ ಪಕ್ಕಕ್ಕೆ ಎಳೆದು ಹತ್ತು ಸೆಕೆಂಡು ಖಾಲಿ ಅಂಗಳವನ್ನು ಶೂಟ್ ಮಾಡಿ. ಇದೇ ಕ್ಲೀನ್ ಪ್ಲೇಟ್. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರೂ ಮ್ಯಾನ್ಯುವಲ್ ಇರಬೇಕು. ಆಟೋ ಇದ್ದರೆ ನಟ ಹೊರಗೆ ಹೋದ ತಕ್ಷಣ ಗೋಡೆಯ ಬೆಳಕೇ ಬದಲಾಗುತ್ತದೆ. ಮೋಡ ಬಂದರೆ ಬಿಸಿಲಿಗೆ ಕಾದು ಇನ್ನೊಮ್ಮೆ ತೆಗೆದುಕೊಳ್ಳಿ.

ಆಮೇಲೆ ಕಂಪ್ಯೂಟರಿನಲ್ಲಿ ಪ್ಲೇಟ್ ಕೆಳಗೆ, ಶಾಟ್ ಮೇಲೆ. ಶಾಟಿನಲ್ಲಿ ರೋಪ್ ಇರುವಷ್ಟು ಅಗಲದ ಪಟ್ಟಿಯನ್ನು ಮಾಸ್ಕ್ ಹಾಕಿ ಕತ್ತರಿಸಿ, ಅಂಚನ್ನು ಎರಡು ಮೂರು ಪಿಕ್ಸೆಲ್ ಮೆದು ಮಾಡಿದರೆ ಸಾಕು. ಬಿಗಿಯಾದ ರೋಪ್ ನೇರ ಗೆರೆ, ಅದರ ಎರಡು ತುದಿ ಹಿಂಬಾಲಿಸಿದರೆ ಆಯಿತು. ಒಂದು ಕಡೆ ಮಾತ್ರ ಹುಷಾರು. ಎಳೆದ ಕ್ಷಣದ ನಾಲ್ಕೈದು ಫ್ರೇಮಿನಲ್ಲಿ ರೋಪ್ ಮೀಟಿದ ತಂತಿಯ ಹಾಗೆ ನಡುಗುತ್ತದೆ. ಅಲ್ಲಿ ಗೆರೆ ಇರುವುದಿಲ್ಲ, ಅಗಲವಾದ ಮಬ್ಬು ಪಟ್ಟಿ ಇರುತ್ತದೆ. ಮಾಸ್ಕ್ ಅಲ್ಲಿ ಅಗಲವಾಗದಿದ್ದರೆ ಎರಡು ಕಡೆ ಹೊಗೆಯ ಹಾಗೆ ಉಳಿಯುತ್ತದೆ. ಗೋಡೆಯ ಮೇಲೆ ಬಿದ್ದ ರೋಪಿನ ನೆರಳನ್ನೂ ಮರೆಯಬೇಡಿ. ನಾನು ಮರೆತಿದ್ದೆ.

ಆಫ್ಟರ್ ಎಫೆಕ್ಟ್ಸ್‌ನಲ್ಲಿ `CC Simple Wire Removal` ಅಂತ ಒಂದು ಎಫೆಕ್ಟ್ ಇದೆ. ಎರಡು ಬಿಂದು ಇಟ್ಟರೆ ನಡುವಿನ ಗೆರೆಯನ್ನು ಪಕ್ಕದ ಬಣ್ಣದಿಂದ ಮುಚ್ಚುತ್ತದೆ. ಬರೀ ಆಕಾಶಕ್ಕೆ ಚೆನ್ನ. ಹೆಂಚಿನ ಸಾಲಿನ ಮೇಲೆ ಹಾಕಿದೆ, ಹೆಂಚೆಲ್ಲ ಕರಗಿದ ಮೇಣದ ಹಾಗೆ ಕಂಡವು. ದುಡ್ಡಿಲ್ಲದಿದ್ದರೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯ ಫ್ಯೂಷನ್‌ನಲ್ಲೂ ಮಾಸ್ಕ್ ಮತ್ತು ಪೇಂಟ್ ಕೆಲಸ ಮಾಡಬಹುದು.

ನಮ್ಮ ಶಾಟಿನಲ್ಲಿ ಇನ್ನೊಂದು ಎಡವಟ್ಟು ಆಯಿತು. ಪಂಚ್ ಬರಲಿ ಅಂತ ಧೂಳು ಎರಚಿದ್ದರು. ಪ್ಲೇಟಿನಲ್ಲಿ ಧೂಳಿಲ್ಲ. ಹಾಗಾಗಿ ರೋಪ್ ಹೋದ ಜಾಗದಲ್ಲಿ ಧೂಳಿನ ನಡುವೆ ಉದ್ದಕ್ಕೆ ಒಂದು ಸೀಳು ಬಿತ್ತು! ಕೊನೆಗೆ ಅಲ್ಲಿ ಪ್ಲೇಟ್ ಬಿಟ್ಟು, ಅದೇ ಫ್ರೇಮಿನ ಪಕ್ಕದ ಜಾಗವನ್ನು ಹದಿನೈದು ಪಿಕ್ಸೆಲ್ ಸರಿಸಿ ಮುಚ್ಚಿದೆ. ಅದೇ ಕ್ಷಣದ ಧೂಳಾದ್ದರಿಂದ ಅದರ ಚಲನೆಯೂ ಹೊಂದಿತು. ನೀವು ಧೂಳು ಎರಚುವುದಾದರೆ ರೋಪಿನಿಂದ ದೂರ ಎರಚಿ.

ಈಗ ಶರ್ಟ್ ವಿಷಯ. ಮೈಮೇಲೆ ಬಂದ ರೋಪಿಗೆ ಕ್ಲೀನ್ ಪ್ಲೇಟ್ ಏನೂ ಮಾಡಲಾರದು, ಯಾಕೆಂದರೆ ಅದರ ಹಿಂದೆ ಇರುವುದು ಗೋಡೆಯಲ್ಲ, ಮುದುಡುತ್ತಿರುವ ಬಟ್ಟೆ. ಮಾಡುವ ವಿಧಾನ ಹೀಗೆ. ರೋಪ್ ದಾಟುವ ಜಾಗದ ಬಟ್ಟೆ ಸ್ಪಷ್ಟವಾಗಿ ಕಾಣುವ ಒಂದು ಫ್ರೇಮ್ ಹುಡುಕಿ. ಅಲ್ಲಿಂದ ಸಣ್ಣ ತೇಪೆ ತೆಗೆಯಿರಿ. ಎದೆಯ ಚಲನೆಯನ್ನು ಮೋಚಾ ಅನ್ನುವ ಟ್ರ್ಯಾಕಿಂಗ್ ಸಾಫ್ಟ್‌ವೇರಿನಲ್ಲಿ ಟ್ರ್ಯಾಕ್ ಮಾಡಿ ಆ ತೇಪೆಯನ್ನು ಅದಕ್ಕೆ ಅಂಟಿಸಿ, ಮೋಷನ್ ಬ್ಲರ್ ಆನ್ ಮಾಡಿ. ಬಟ್ಟೆ ಮಡಿಕೆ ಬದಲಿಸಿದಾಗ, ಅಂದರೆ ಆರೇಳು ಫ್ರೇಮಿಗೊಮ್ಮೆ, ಹೊಸ ತೇಪೆ ತೆಗೆದು ಹಳೆಯದಕ್ಕೆ ಮೆಲ್ಲಗೆ ಬೆರೆಸಬೇಕು. ಪ್ರತಿ ಫ್ರೇಮನ್ನೂ ಬೇರೆ ಬೇರೆಯಾಗಿ ಬ್ರಷ್‌ನಿಂದ ತಿದ್ದಿದರೆ ಒಂದೊಂದು ನಿಂತ ಚಿತ್ರವಾಗಿ ಚೆನ್ನಾಗಿರುತ್ತದೆ, ಓಡಿಸಿದರೆ ಆ ಜಾಗ ಕುದಿಯುವ ಅನ್ನದ ಹಾಗೆ ಮಿಸುಕುತ್ತದೆ.

ನನ್ನ ದುರದೃಷ್ಟಕ್ಕೆ ಹುಡುಗ ಹಾಕಿದ್ದು ಚೌಕಳಿ ಶರ್ಟ್. ತೇಪೆಯ ಗೆರೆ ಒಂದು ಪಿಕ್ಸೆಲ್ ತಪ್ಪಿದರೂ ಕಣ್ಣಿಗೆ ಹೊಡೆಯುತ್ತಿತ್ತು. ಆದ್ದರಿಂದ ಶೂಟಿಂಗಿಗೆ ಮುಂಚೆಯೇ ವಸ್ತ್ರದವರ ಹತ್ತಿರ ಮಾತಾಡಿ. ಗೆರೆ, ಚೌಕಳಿ ಬೇಡ. ಒಂದೇ ಬಣ್ಣದ, ಸ್ವಲ್ಪ ಗಾಢ ಶರ್ಟ್ ಇರಲಿ, ಒಂದು ಸೈಜ್ ದೊಡ್ಡದು. ರೋಪ್ ಸಿಕ್ಕಿಸುವ ಕೊಂಡಿ ಹೊರಬರಲು ಅದೇ ಜಾಗದಲ್ಲಿ ಸಣ್ಣ ಸೀಳು ಬಿಡಿ. ಇಲ್ಲದಿದ್ದರೆ ರೋಪ್ ಶರ್ಟನ್ನೇ ಎತ್ತುತ್ತದೆ. ರೋಪ್ ಅಳಿಸಿದ ಮೇಲೂ ಆ ಎಳೆದ ಮಡಿಕೆ ಉಳಿದು, ‘ಇವನನ್ನು ಯಾರೋ ಎತ್ತಿದ್ದಾರೆ’ ಅಂತ ಹೇಳಿಬಿಡುತ್ತದೆ. ಹುಡುಗ ಯಾವ ಕಡೆಗೆ ತಿರುಗುತ್ತಾನೆ ಅಂತ ಫೈಟ್ ಮಾಸ್ಟರನ್ನು ಕೇಳಿ, ರೋಪ್ ಮೈಯ ಹಿಂದೆಯೇ ಉಳಿಯುವ ಕಡೆ ಕ್ಯಾಮೆರಾ ಇಡಿ. ಇಷ್ಟು ಮಾಡಿದ್ದರೆ ನನ್ನ ನಾಲ್ಕು ರಾತ್ರಿ ಉಳಿಯುತ್ತಿತ್ತು.

ಅಳಿಸಲು ಸುಲಭ ಆಗಲಿ ಅಂತ ತೆಳ್ಳಗಿನ ತಂತಿ ಕೇಳಬೇಡಿ. ಹತ್ತು ಹನ್ನೊಂದು ಮಿಲಿಮೀಟರ್ ದಪ್ಪದ ರೋಪ್ ಅಳಿಸಲೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು. ಯಾವ ರೋಪ್, ಯಾವ ಹಾರ್ನೆಸ್ ಅನ್ನುವುದನ್ನು ರೋಪ್ ಕೆಲಸ ಬಲ್ಲವರೇ ನಿರ್ಧರಿಸಲಿ. ರೋಪಿಗೆ ಹಸಿರು ಬಣ್ಣ ಬಳಿಯುವುದೂ ಸುಮ್ನೆ ಕೆಲಸ. ಸಾಮಾನ್ಯ ಕ್ಯಾಮೆರಾಗಳು ಬಣ್ಣದ ವಿವರವನ್ನು ಬೆಳಕಿನ ವಿವರಕ್ಕಿಂತ ಕಡಿಮೆ ದಾಖಲಿಸುತ್ತವೆ. ತೆಳು ಗೆರೆಯ ಹಸಿರು ಅಂಚು ಒಡೆದುಹೋಗುತ್ತದೆ, ಆ ಬಣ್ಣವನ್ನಷ್ಟೇ ಆರಿಸಿ ತೆಗೆಯುವ ಕೀ ಸರಿಯಾಗಿ ಆಗುವುದಿಲ್ಲ.

ಮುಗಿದ ಮೇಲೆ ಪರೀಕ್ಷೆ. ಹಳೆಯ ಶಾಟಿನ ಮೇಲೆ ಹೊಸದನ್ನು `Difference` ಮೋಡಿನಲ್ಲಿಡಿ. ನೀವು ಮುಟ್ಟಿದ ಜಾಗ ಬಿಟ್ಟು ಉಳಿದದ್ದೆಲ್ಲ ಕಪ್ಪಗಿರಬೇಕು. ಆಮೇಲೆ ಗಾಮಾ ಜಾಸ್ತಿ ಮಾಡಿ ಶಾಟನ್ನು ಸುತ್ತು ಸುತ್ತಾಗಿ ಓಡಿಸಿ. ನೀಲಿ ಚಾನೆಲ್ ಒಂದನ್ನೇ ನೋಡಿ, ಅಲ್ಲಿ ಸಾಮಾನ್ಯವಾಗಿ ನಾಯ್ಸ್, ಅಂದರೆ ಮಿಸುಕುವ ಸಣ್ಣ ಚುಕ್ಕೆಗಳು, ಜಾಸ್ತಿ. ಸುತ್ತ ನಾಯ್ಸ್ ಕುಣಿಯುತ್ತಿದ್ದು ನಿಮ್ಮ ತೇಪೆ ಮಾತ್ರ ಗಾಜಿನ ಹಾಗೆ ಸುಮ್ಮನಿದ್ದರೆ ಅದಕ್ಕೆ ಗ್ರೇನ್ ಸೇರಿಸಬೇಕು. ಕ್ಯಾಮೆರಾ ನಡುಗಬೇಕು ಅನ್ನಿಸಿದರೆ 4ಕೆಯಲ್ಲಿ ಸ್ಥಿರವಾಗಿ ತೆಗೆದು, ರೋಪ್ ಅಳಿಸಿದ ಮೇಲೆ ಎಚ್‌ಡಿ ಟೈಮ್‌ಲೈನಿನಲ್ಲಿ ನಡುಗಿಸಿ. ಸಣ್ಣಪುಟ್ಟ ತಪ್ಪೂ ಅದರಲ್ಲಿ ಮುಚ್ಚಿಹೋಗುತ್ತದೆ.

ಇನ್ನೊಂದು ಮಾತು: ಎಡಿಟ್ ಲಾಕ್ ಆಗುವವರೆಗೆ ಒಂದು ಫ್ರೇಮೂ ಮುಟ್ಟಬೇಡಿ. ನಾನು 70 ಫ್ರೇಮ್ ಮುಗಿಸಿ ಕೊಟ್ಟ ವಾರಕ್ಕೆ ಗೆಳೆಯ ಶಾಟನ್ನು 41ಕ್ಕೆ ಕತ್ತರಿಸಿದ. ಎದೆಯ ಮೇಲೆ ರೋಪ್ ಇದ್ದ 26ರಲ್ಲಿ ಉಳಿದದ್ದು 9.